ಗಲ್ಲಾದಾಗ ಉಳಿದದ್ದೆಲ್ಲಾ ಲಾಭ ಅಲ್ರಿ: ಒಂದು ಖಾನಾವಳಿ ಲೆಕ್ಕದಾಗ ಕಾಣೋ ಖರ್ಚು, ಕಾಣದ ಖರ್ಚು ಬಿಡಿಸೂದು ಹೆಂಗ

ಬಾಗಲಕೋಟೆ ನವನಗರದಾಗ ನಮ್ಮ ಕಾಕಾಂದು ಒಂದು ಖಾನಾವಳಿ ಐತಿ. ಹಳೇ ಊರಾಗಿನ ಮನಿ ಆಲಮಟ್ಟಿ ಹಿನ್ನೀರಿಗೆ ಹೋದ ಮ್ಯಾಲ ಬಂದ ಪರಿಹಾರದ ರೊಕ್ಕದಾಗ ಇಲ್ಲಿ ಮನಿ ಕಟ್ಟಿಸಿದ್ರು, ಉಳಿದದ್ದು ಎಫ್‌ಡಿ ಒಳಗ ಇತ್ತು, ಮುಂದ ಅದರಾಗಿಂದ 6 ಲಕ್ಷ ತಗದು ಮನಿ ಮುಂದಿನ ಹಾಲ್‌ನಾಗ ಖಾನಾವಳಿ ಸುರು ಮಾಡಿದ್ರು. ಬಿಸಿ ರೊಟ್ಟಿ, ಎರಡು ಪಲ್ಯೆ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು. ಮಧ್ಯಾಹ್ನ ಕೂಡ್ಲಿಕ್ಕೆ ಜಾಗಾ ಸಿಗೂದಿಲ್ಲ. ತಿಂಗಳ ಕಡೀಗೆ ಕಾಕಾ ವಹಿ ಮುಚ್ಚಿ "ಐವತ್ತು ಸಾವಿರ ಉಳೀತು ನೋಡಪಾ" ಅಂತಿದ್ರು, ಭಾಳ ಸಮಾಧಾನದಿಂದ.

ನಾನು ಇಲ್ಲೇ ಸಣ್ಣ ಅಂಗಡಿಗೋಳ ಲೆಕ್ಕ ಬರ್ಯೋ ಕೆಲಸ ಮಾಡ್ತೀನಿ. ಒಂದಿನ ರಾತ್ರಿ ಹಿಂಗ ವಹಿ ನೋಡ್ಕೋತ ಕುಂತಾಗ ಕಾಕು ಕೊಣಮಿಗಿ ತಿಕ್ಕೋದು ನಿಲ್ಲಿಸಿ, ಕೈಗೆ ಹತ್ತಿದ್ದ ಹಿಟ್ಟು ಹಂಗ ಇತ್ತು, ಬಂದು ಕೇಳಿದ್ರು: "ಎಲ್ಲಾರ ಪಗಾರ ಬರದೀರಿ, ನಂದು ಎಲ್ಲೈತಿ ಇದರಾಗ?" ಕಾಕಾ "ನಿನಗ್ಯಾಕ ಪಗಾರ, ಎಲ್ಲಾ ನಿಂದ ಅಲ್ಲ" ಅಂದ್ರು. ಆ ಮಾತೂ ಖರೇನ, ಆದ್ರ ಕಾಕು ಕೇಳಿದ ಪ್ರಶ್ನೆನೂ ಅಷ್ಟ ಖರೆ, ಮತ್ತ ಈ ಎರಡರ ನಡುವಿನ ಅಂತರಾನ ಲೆಕ್ಕಪತ್ರದ ಲಾಭಕ್ಕೂ ಆರ್ಥಿಕ ಲಾಭಕ್ಕೂ ಇರೋ ಅಂತರ. ಅವತ್ತು ಕುಂತು ನಾವು ಹೆಂಗ ಲೆಕ್ಕ ಹಾಕಿದ್ವಿ ಅಂತ ಹಂತ ಹಂತವಾಗಿ ಬರೀತೀನಿ, ನೀವೂ ನಿಮ್ಮ ಅಂಗಡಿಗೆ ಹಂಗ ಹಾಕಿ ನೋಡಬಹುದು. ಒಂದು ನೋಟ್‌ಬುಕ್ಕು, ಎರಡು ತಾಸು ಸಾಕು.

ಮೊದಲು ಎರಡು ಮಾತು ತಿಳ್ಕೋರಿ

ಕೈಯಿಂದ ರೊಕ್ಕ ಹೊರಗ ಹೋಗಿ ಬಿಲ್ಲೋ ಚೀಟಿನೋ ಫೋನ್‌ಪೇ ಮೆಸೇಜೋ ಉಳೀತೈತಲ್ಲ, ಅದು ಕಾಣೋ ಖರ್ಚು, ಇದಕ್ಕ ಎಕ್ಸ್‌ಪ್ಲಿಸಿಟ್ ಕಾಸ್ಟ್ ಅಂತಾರ. ಕಿರಾಣಿ, ಆಳಿನ ಪಗಾರ, ಗ್ಯಾಸು, ಕರೆಂಟ್ ಬಿಲ್ಲು, ಸಾಲದ ಬಡ್ಡಿ ಎಲ್ಲಾ ಇದರಾಗ ಬಂತು. ಕಾಣದ ಖರ್ಚು, ಅಂದ್ರ ಇಂಪ್ಲಿಸಿಟ್ ಕಾಸ್ಟ್, ಅಂದ್ರ ಸ್ವಂತದ್ದು ಏನರ ನೀವು ಧಂದೆಕ್ಕ ಹಚ್ಚಿದ್ದಕ್ಕ ಬ್ಯಾರೆ ಕಡೆ ಅದರಿಂದ ಬರಬೇಕಾಗಿದ್ದ ರೊಕ್ಕ ಬರಲಾರದಂಗ ಆತಲ್ಲ, ಆ ಬರಲಾರದ ರೊಕ್ಕ. ಯಾರಿಗೂ ಕೊಟ್ಟಿಲ್ಲ, ಹಂಗಾಗಿ ಯಾವ ವಹಿಯಾಗೂ ಬೀಳೂದಿಲ್ಲ, ಆದ್ರ ಕಳಕೊಂಡದ್ದಂತೂ ಖರೆ. ಪುಸ್ತಕದಾಗ ಇದನ್ನ ಅವಕಾಶ ವೆಚ್ಚ ಅಂತ ಓದಿರ್ತೀರಿ.

ಆದಾಯದಾಗ ಕಾಣೋ ಖರ್ಚು ಕಳದ್ರ ಲೆಕ್ಕಪತ್ರದ ಲಾಭ. ಅದರಾಗ ಕಾಣದ ಖರ್ಚೂ ಕಳದ್ರ ಆರ್ಥಿಕ ಲಾಭ. ಸೂತ್ರ ಇಷ್ಟ. ತಪ್ಪಾಗೂದು ಸೂತ್ರದಾಗ ಅಲ್ಲ, ಅದರಾಗ ಯಾವ ಅಂಕಿ ಹಾಕ್ತೀವಿ ಅನ್ನೂದ್ರಾಗ.

ಕಾಣೋ ಖರ್ಚನ್ನ ಮೊದಲು ಸ್ವಚ್ಛ ಮಾಡ್ರಿ

ಕಾಕಾನ ಖಾನಾವಳ್ಯಾಗ ದಿನಕ್ಕ ಸರಾಸರಿ 75 ಊಟ, ಊಟಕ್ಕ 80 ರೂಪಾಯಿ, ಅಂದ್ರ 6,000. ಅದರ ಜೋಡಿ 100 ರೊಟ್ಟಿ ಪಾರ್ಸಲ್, ಒಂದಕ್ಕ 10 ರೂಪಾಯಿ, ಅದು 1,000. ತಿಂಗಳಿಗೆ 26 ದಿನ ತಗದಿರ್ತಾರ, ಹಂಗಾಗಿ ಒಟ್ಟು ಆದಾಯ 1,82,000.

ಖರ್ಚಿನ ಕಡೆ ಬಂದಾಗ ಮೊದಲನೇ ತೊಡಕು ಕಿರಾಣಿ ಬಿಲ್ಲಿನಾಗ ಸಿಕ್ತು. ಕಿರಾಣಿ, ಕಾಯಿಪಲ್ಯೆ, ಹಾಲು ಮೊಸರು, ಸಂತ್ಯಾಗ ಕೊಂಡ ಜ್ವಾಳ ಎಲ್ಲಾ ಕೂಡಿ 81,000 ಅಂತ ಬರದಿತ್ತು. ಆದ್ರ ಮನೀ ಮಂದಿ ನಾಕು ಜನ ಎರಡೂ ಹೊತ್ತು ಉಣ್ಣೂದು ಇದೇ ಒಲಿ ಮ್ಯಾಲಿಂದು, ಮುಂಜಾನಿ ಚಹಾದ ಹಾಲೂ ಇದರಾಗಿಂದ ಹೋಗ್ತೈತಿ. ಅದು ಧಂದೆದ ಖರ್ಚಲ್ಲ, ಮನೀಗೆ ತಗದುಕೊಂಡದ್ದು. ಕಾಕು ಲೆಕ್ಕ ಹಾಕಿ 5,500 ಅಂತ ಹೇಳಿದ್ರು, ಅದನ್ನ ತಗದ್ವಿ, 75,500 ಉಳೀತು. ನಮ್ಮ ಕಡೆ ಮನೀ ಮುಂದ ಅಂಗಡಿ ಇರೋ ಎಲ್ಲಾರ ಲೆಕ್ಕದಾಗೂ ಈ ಗೊಂದಲ ನೋಡ್ತೀನಿ ನಾನು, ಕಿರಾಣಿ ಅಂಗಡ್ಯಾಗಂತೂ ಮನೀಗೆ ಹೋದ ಸಕ್ರಿ ಎಣ್ಣಿ ಯಾರೂ ಬರದಿಡೂದಿಲ್ಲ.

ಆಮ್ಯಾಲ ಪಗಾರ. ರೊಟ್ಟಿ ಬಡ್ಯೋ ಇಬ್ಬರು ಹೆಣ್ಮಕ್ಕಳು, ಒಬ್ಬ ಬಡಸಾಂವ, ಒಬ್ಬಾಕಿ ಭಾಂಡೆ ತಿಕ್ಕಾಕಿ, ನಾಕೂ ಮಂದೀದು ಕೂಡಿ 39,000. ಗ್ಯಾಸು, ಕರೆಂಟು, ಪಾರ್ಸಲ್ ಚೀಲ, ಸಣ್ಣ ಪುಟ್ಟ ರಿಪೇರಿ ಎಲ್ಲಾ 16,700. ಇದರ ಮ್ಯಾಲ ಫ್ರಿಜ್ಜು, ಗ್ರೈಂಡರ್, ಟೇಬಲ್‌ಗೋಳು ತಿಂಗಳ ತಿಂಗಳ ಸವೀತಾವಲ್ಲ, ಆ ಸವಕಳಿ 1,800. ಸವಕಳಿಗೆ ಈ ತಿಂಗಳು ಯಾರಿಗೂ ರೊಕ್ಕ ಕೊಟ್ಟಿಲ್ಲ ನಿಜ, ಆದ್ರೂ ಅಕೌಂಟ್ಸ್‌ನವರು ಇದನ್ನ ಖರ್ಚು ಅಂತನ ಹಿಡೀತಾರ, ಯಾಕಂದ್ರ ಸಾಮಾನು ಕೊಂಡಾಗ ಕೊಟ್ಟ ರೊಕ್ಕಾನ ಅದು, ವರ್ಷ ವರ್ಷಕ್ಕ ಹಂಚಿ ಬರೀತಾರ.

ಎಲ್ಲಾ ಕೂಡಿ 1,33,000. ಆದಾಯ 1,82,000 ದಾಗ ಅದನ್ನ ಕಳದ್ರ 49,000. ಕಾಕಾ ಅಂತಿದ್ದ ಐವತ್ತಕ್ಕ ಭಾಳ ಸಮೀಪನ ಐತಿ. ಇದು ಲೆಕ್ಕಪತ್ರದ ಲಾಭ, ಇದರಾಗ ಸುಳ್ಳೇನೂ ಇಲ್ಲ. ಬ್ಯಾಂಕಿಗೆ ತೋರ್ಸೂದೂ ಇದ, ಟ್ಯಾಕ್ಸಿಗೆ ನೋಡೂದೂ ಈ ಥರದ ಲೆಕ್ಕಾನ.

ಈಗ ಕಾಣದ ಖರ್ಚು: ಮನೀದು ಏನೇನು ಹಚ್ಚೇವಿ?

ಇಲ್ಲಿ ಒಂದ ಪ್ರಶ್ನೆ ಕೇಳ್ಕೋಬೇಕು. ನಾಳೆ ಖಾನಾವಳಿ ಬಾಗಿಲು ಹಾಕಿದ್ರ ಇದು ಎಲ್ಲಿ ಹೋಗ್ತೈತಿ, ಅಲ್ಲಿ ಇದಕ್ಕ ಎಷ್ಟು ಸಿಗ್ತೈತಿ? ಸ್ವಂತದ್ದು ಅಂತ ಏನೇನು ಹಚ್ಚಿರ್ತೀವಿ, ಒಂದೊಂದಕ್ಕೂ ಇದನ್ನ ಕೇಳಬೇಕು. ಎಲ್ಲಕ್ಕಿಂತ ಚಲೋ ಆಗಿ ಸಿಗೂ ಒಂದ ಬ್ಯಾರೆ ದಾರಿ ಹಿಡೀಬೇಕು, ಎಲ್ಲಾ ದಾರೀನೂ ಕೂಡಿಸಬಾರದು. ಕಾಕಾ ನೌಕರಿನೂ ಮಾಡಬಹುದು, ಹೊಲಾನೂ ನೋಡಬಹುದು, ಆದ್ರ ಒಂದ ಹೊತ್ತಿಗೆ ಎರಡೂ ಆಗೂದಿಲ್ಲಲ್ಲ.

ಕಾಕಾನ ದುಡಿಮಿ. ಖಾನಾವಳಿ ಹಾಕೂಕಿಂತ ಮೊದಲು ಅವರು ಒಂದು ಹಾಸ್ಟೆಲ್ ಮೆಸ್ಸಿನಾಗ ಅಡಗಿ ಮ್ಯಾಲ್ವಿಚಾರಣಿ ನೋಡ್ತಿದ್ರು. ಈಗ ಅಂಥಾ ಕೆಲಸಕ್ಕ ಎಷ್ಟು ಕೊಡ್ತಾರ ಅಂತ ನಾನ ಒತ್ತಾಯ ಮಾಡಿ ಫೋನ್ ಹಚ್ಚಿಸಿ ಕೇಳಿಸಿದೆ, 22,000 ಅಂದ್ರು. ಇದು ಭಾಳ ಮುಖ್ಯ ನೋಡ್ರಿ, ಅಂದಾಜು ಮಾಡಬ್ಯಾಡ್ರಿ, ಕೇಳ್ರಿ. "ನಾ ಬೆಂಗಳೂರಾಗಿದ್ರ ಐವತ್ತು ಸಾವಿರ ಗಳಸ್ತಿದ್ದೆ" ಅಂತ ಬರ್ಕೊಂಡ್ರ ಲೆಕ್ಕ ಕೆಟ್ಟಂಗ, ನೀವು ಖರೇನ ಬೆಂಗಳೂರಿಗೆ ಹೋಗಾಂವ ಅಲ್ಲ ಅಂದ್ರ ಅದು ನಿಮ್ಮ ಅವಕಾಶಾನ ಅಲ್ಲ. ಹಂಗ "ನಾ ಹದಿನಾಕು ತಾಸು ದುಡೀತೀನಿ, ಡಬಲ್ ಹಿಡೀರಿ" ಅಂತ ಕಾಕಾ ಅಂದ್ರು, ಅದೂ ಆಗೂದಿಲ್ಲ, ಆ ಹೆಚ್ಚಿನ ತಾಸಿಗೆ ಹೊರಗ ಯಾರೂ ರೊಕ್ಕ ಕೊಡಾವರಿಲ್ಲಂದ್ರ ಅದು ರೊಕ್ಕದ ಅಂಕಿ ಆಗೂದಿಲ್ಲ. ಹೋದದ್ದು ವಿಶ್ರಾಂತಿ, ಅದನ್ನ ಪಕ್ಕಕ್ಕ ಬ್ಯಾರೆ ಬರದಿಡ್ರಿ.

ಕಾಕುನ ದುಡಿಮಿ. ಮುಂಜಾನಿ ಐದಕ್ಕ ಎದ್ದು ಹಿಟ್ಟು ಜರಡಿ ಹಿಡದು, ಚಟ್ನಿ ಕುಟ್ಟಿ, ಪಲ್ಯೆಕ್ಕ ಒಗ್ಗರಣಿ ಹಾಕೂದು ಅವರ. ಇಲ್ಲಿ ಎರಡು ಅಂಕಿ ಬಂದ್ವು. ಕಾಕು ಬ್ಯಾರೆ ಕಡೆ ಅಡಗಿಗೆ ಹೋದ್ರ ಸಿಗೂದು 12,000. ಕಾಕುನ ಜಾಗಾಕ್ಕ ಬ್ಯಾರೆ ಅಡಗಿಯವರನ್ನ ಇಟ್ಟುಕೊಂಡ್ರ ಕೊಡಬೇಕಾಗೂದು 16,000, ಯಾಕಂದ್ರ ಅಷ್ಟು ಕೈರುಚಿ ಇರೋರು ಕಡಿಮಿಗೆ ಸಿಗೂದಿಲ್ಲ. ಯಾವುದು ಬರೀಬೇಕು? "ಬಾಗಿಲು ಹಾಕಿದ್ರ ಅವರಿಗೆ ಎಷ್ಟು ಸಿಗ್ತೈತಿ" ಅನ್ನೂದ ನಮ್ಮ ಪ್ರಶ್ನೆ ಆಗಿರೂದ್ರಿಂದ 12,000. ಹದಿನಾರು ಸಾವಿರದ ಅಂಕಿ ಬ್ಯಾರೆ ಪ್ರಶ್ನೆಕ್ಕ ಉತ್ತರ, ಕಾಕುಗ ಆರಾಮಿಲ್ಲದಾಗ ಖಾನಾವಳಿ ನಡಸಲಿಕ್ಕೆ ಎಷ್ಟು ಬೇಕಾಗ್ತೈತಿ ಅನ್ನೂದಕ್ಕ. ಅದನ್ನೂ ಬರದಿಟ್ವಿ, ಆದ್ರ ಇದರಾಗ ಕೂಡಿಸಲಿಲ್ಲ.

ಮುಂದಿನ ಹಾಲ್. "ಸ್ವಂತ ಜಾಗಾ, ಬಾಡಿಗಿ ಚಿಂತಿ ಇಲ್ಲ" ಅಂತ ಎಲ್ಲಾರೂ ಅಂತಾರ, ಈ ಮಾತು ನಾನು ವಾರಕ್ಕ ಒಂದು ಸಲ ಆದ್ರೂ ಕೇಳ್ತೀನಿ, ಮತ್ತ ಪ್ರತಿ ಸಲಾನೂ ಇದು ಅರ್ಧ ಖರೆ ಅಷ್ಟ. ಬಾಡಿಗಿ ಕೊಡೂದಿಲ್ಲ ಹೌದು, ಬಾಡಿಗಿ ತಗೊಳ್ಳೂದೂ ಇಲ್ಲಲ್ರಿ. ಎರಡು ಮನಿ ಆಚೆ ಇಷ್ಟ ದೊಡ್ಡ ಜಾಗಾದಾಗ ಒಂದು ಝೆರಾಕ್ಸ್ ಅಂಗಡಿ ಐತಿ, ತಿಂಗಳಿಗೆ 9,000 ಕೊಡ್ತಾರ. ಅದ ನಮ್ಮ ಅಂಕಿ.

ಹೊಲದ ಜ್ವಾಳ. ತಿಂಗಳಿಗೆ ಸುಮಾರು ಏಳು ಕ್ವಿಂಟಲ್ ಬೇಕು, ಅದರಾಗ ಎರಡು ಕ್ವಿಂಟಲ್ ಸ್ವಂತ ಹೊಲದ್ದು, ಅದಕ್ಕ ವಹಿಯಾಗ ಸೊನ್ನಿ ಬರದಿತ್ತು. ಕೊಳ್ಳೂ ರೇಟು ಕ್ವಿಂಟಲ್‌ಗೆ 3,500 ಇತ್ತು. ಆದ್ರ ಕಾಕಾ ಅದನ್ನ ಎಪಿಎಂಸಿಗೆ ಒಯ್ದು ಮಾರಿದ್ರ ಗಾಡಿ ಬಾಡಿಗಿ, ಹಮಾಲಿ ಎಲ್ಲಾ ಹೋಗಿ ಕೈಗೆ ಬರೂದು 3,300. ಕೈಗೆ ಬರೂದನ್ನ ಹಿಡೀಬೇಕು, ಹಂಗಾಗಿ ಎರಡು ಕ್ವಿಂಟಲ್‌ಗೆ 6,600. ಕಾಕಾ ಇದಕ್ಕ ಒಪ್ಪಲಿಕ್ಕೆ ಭಾಳ ಹೊತ್ತು ಹಿಡೀತು, "ನಮ್ಮ ಹೊಲದ ಜ್ವಾಳಕ್ಕ ಎಂಥಾ ಖರ್ಚಪಾ" ಅಂದ್ರು, ಆದ್ರ ಹೊಲಾ ದುಡದು ಕೊಟ್ಟ ರೊಕ್ಕಾನ ಖಾನಾವಳಿ ತನ್ನ ಲಾಭ ಅಂತ ತೋರಿಸ್ಲಿಕ್ಕತ್ತಿತ್ತು, ಅದನ್ನ ಹೊಲದ ಹೆಸರಿಗೆ ವಾಪಸ್ ಬರದ್ವಿ ಅಷ್ಟ.

ಹಾಕಿದ ಬಂಡವಾಳ: ಇಲ್ಲೇ ಭಾಳ ಮಂದಿ ಎಡವತಾರ

6 ಲಕ್ಷ ಹಾಕ್ಯಾರ, ಎಫ್‌ಡಿ ಬಡ್ಡಿ ಶೇ. 7 ಹಿಡದ್ರ ವರ್ಷಕ್ಕ 42,000, ತಿಂಗಳಿಗೆ 3,500. ನೋಡ್ಲಿಕ್ಕೆ ಸರಿ ಕಾಣ್ತೈತಿ, ಆದ್ರ ತಪ್ಪು.

ಆ 6 ಲಕ್ಷದಾಗ ಗಿಲಾವು, ಟೈಲ್ಸು, ಹೊಗಿ ಹೋಗೂ ಚಿಮಣಿ, ಬೋರ್ಡು ಇವಕ್ಕ ಭಾಳ ರೊಕ್ಕ ಹೋಗೇತಿ. ನಾಳೆ ಬಾಗಿಲು ಹಾಕಿದ್ರ ಇವು ಯಾವೂ ರೊಕ್ಕ ಆಗಿ ತಿರುಗಿ ಬರೂದಿಲ್ಲ, ಹೋದದ್ದು ಹೋತು. ಉಳಿದ ಸಾಮಾನೂ ಹಳೇದಾಗೇತಿ. ಸೆಕೆಂಡ್ ಹ್ಯಾಂಡ್ ಹೋಟೆಲ್ ಸಾಮಾನು ತಗೊಳ್ಳೋರನ್ನ ಕೇಳಿದ್ರ ಫ್ರಿಜ್ಜು, ಗ್ರೈಂಡರ್, ಭಾಂಡೆ, ಟೇಬಲ್ ಎಲ್ಲಾ ಕೂಡಿ 2,40,000 ಅಂದ್ರು, ಇನ್ನ 60,000 ರದ ಮಾಲು ಮನ್ಯಾಗ ಐತಿ. ಅಂದ್ರ ಇವತ್ತು ಬಿಡಿಸಿಕೊಂಡು ಎಫ್‌ಡಿ ಇಡಬಹುದಾದ ರೊಕ್ಕ 3 ಲಕ್ಷ. ಅದಕ್ಕ ಶೇ. 7 ಅಂದ್ರ ವರ್ಷಕ್ಕ 21,000, ತಿಂಗಳಿಗೆ 1,750. ಅದ ಅಂಕಿ.

ಹಂಗಾಗಿ ಒಂದು ನೆನಪಿಟ್ಟುಕೋರಿ: ಧಂದೆ ಸುರು ಮಾಡಬೇಕೋ ಬ್ಯಾಡೋ ಅಂತ ಲೆಕ್ಕ ಹಾಕೂ ಹೊತ್ತಿನಾಗ ಪೂರಾ 6 ಲಕ್ಷ ಹಿಡೀಬೇಕು, ಯಾಕಂದ್ರ ಆಗ ಅದು ಇನ್ನೂ ಕೈಯಾಗ ಐತಿ. ಸುರು ಮಾಡಿದ ಮ್ಯಾಲ ನಡಸಬೇಕೋ ಬಿಡಬೇಕೋ ಅಂತ ಲೆಕ್ಕ ಹಾಕುವಾಗ ಇವತ್ತು ತಿರುಗಿ ಬರೂದನ್ನ ಮಾತ್ರ ಹಿಡೀಬೇಕು. ಒಂದ ಅಂಗಡಿಗೆ ಎರಡು ಹೊತ್ತಿನಾಗ ಎರಡು ಅಂಕಿ ಬರ್ತೈತಿ, ಎರಡೂ ಸರಿ.

ಇನ್ನೊಂದು, ಅದ 6 ಲಕ್ಷ ಬ್ಯಾಂಕಿಂದ ಸಾಲ ತಂದಿದ್ರ ಅದರ ಬಡ್ಡಿ ಕಾಣೋ ಖರ್ಚಿನಾಗ ಆಗಲೇ ಬಿದ್ದಿರ್ತಿತ್ತು, ಆಗ ಅದೇ ರೊಕ್ಕಕ್ಕ ಮತ್ತ ಎಫ್‌ಡಿ ಬಡ್ಡಿ ಹಿಡೀಬಾರದು. ಅರ್ಧ ಸಾಲ, ಅರ್ಧ ಸ್ವಂತದ್ದು ಅಂದ್ರ ಸ್ವಂತದ್ದಕ್ಕಷ್ಟ ಹಿಡೀಬೇಕು. ಕಾಕುಗ ವಹಿಯಾಗ ಪಗಾರ ಬರಿಯೂದು ಸುರು ಮಾಡಿದ್ರೂ ಹಂಗ, ಅಷ್ಟು ಕಾಣದ ಖರ್ಚಿನಿಂದ ತಗೀಬೇಕು, ಇಲ್ಲಂದ್ರ ಒಂದ ಖರ್ಚು ಎರಡು ಸಲ ಬಿತ್ತು.

ಕೂಡಿಸಿ ಕಳದು ನೋಡಿದಾಗ

```
ಕಾಕಾನ ದುಡಿಮಿ      22,000
ಕಾಕುನ ದುಡಿಮಿ      12,000
ಮುಂದಿನ ಹಾಲ್         9,000
ಹೊಲದ ಜ್ವಾಳ          6,600
ಬಂಡವಾಳದ ಬಡ್ಡಿ      1,750
ಕಾಣದ ಖರ್ಚು        51,350

49,000 - 51,350 = -2,350
```

ವಹಿ ಪ್ರಕಾರ 49,000 ಲಾಭ ಇರೋ ಖಾನಾವಳಿ ಆರ್ಥಿಕ ಲೆಕ್ಕದಾಗ 2,350 ಕಡಿಮಿ ಬಿತ್ತು. ಕಾಕಾನ ಮಾರಿ ಸಣ್ಣದಾತು, ಅದನ್ನ ನೋಡಿ ನನಗೂ ಸಂಕಟ ಆತು, ಅದಕ್ಕ ಇದರ ಅರ್ಥ ಏನು, ಏನಲ್ಲ ಅಂತ ಬಿಡಿಸಿ ಹೇಳಿದೆ.

ಖಾನಾವಳಿ ನಷ್ಟದಾಗ ಐತಿ ಅಂತ ಅಲ್ಲ, ಮನೀಗೆ ತಿಂಗಳಾ ರೊಕ್ಕ ಬರ್ಲಿಕ್ಕತ್ತೇತಿ. ಇದ ಮಂದಿ, ಇದ ಜಾಗಾ, ಇದ ಜ್ವಾಳ, ಇದ ರೊಕ್ಕ ಬ್ಯಾರೆ ಕಡೆ ಹಚ್ಚಿದ್ರ ತಿಂಗಳಿಗೆ 51,350 ಬರ್ತಿತ್ತು, ಖಾನಾವಳಿ ಅದಕ್ಕಿಂತ 2,350 ಕಡಿಮಿ ಕೊಡ್ಲಿಕ್ಕತ್ತೇತಿ, ಇಷ್ಟ ಅದರ ಮಾತು. ಇಲ್ಲಿ ಸೊನ್ನಿ ಬಂದಿದ್ರೂ ಅದು ಚಲೋನ ಇರ್ತಿತ್ತು, ಎಲ್ಲಾರ ದುಡಿಮಿಗೆ, ಜಾಗಾಕ್ಕ, ರೊಕ್ಕಕ್ಕ ಹೊರಗ ಸಿಗುವಷ್ಟು ಪೂರಾ ಸಿಕ್ಕಂಗ, ಇದಕ್ಕ ಸಾಮಾನ್ಯ ಲಾಭ ಅಂತಾರ.

ಬ್ಯಾರೆ ಒಂದು ರೀತಿ ನೋಡ್ರಿ. ಎದುರಿಗೆ ಇಂಥದ್ದ ಇನ್ನೊಂದು ಖಾನಾವಳಿ ಐತಿ ಅಂತ ತಿಳ್ಕೋರಿ, ಎಲ್ಲಾ ಹಿಂಗ, ಜಾಗಾ ಮಾತ್ರ 9,000 ಬಾಡಿಗಿದ್ದು. ಅವರ ವಹಿಯಾಗ ಲಾಭ 40,000 ಬರ್ತೈತಿ, ಕಾಕಾಂದು 49,000. ನೋಡಿದವರು ಕಾಕಾ ಧಂದೆ ಚಲೋ ಮಾಡ್ತಾರ ಅಂತಾರ. ಆದ್ರ ಆರ್ಥಿಕ ಲಾಭ ಇಬ್ಬರದೂ ಒಂದ ಅಂಕಿ. ಆ ಒಂಬತ್ತು ಸಾವಿರ ಖಾನಾವಳಿ ಗಳಿಸಿದ್ದಲ್ಲ, ಕಟ್ಟಡ ಗಳಿಸಿದ್ದು.

ಈ ಲೆಕ್ಕ ಎಲ್ಲಿ ಬಳಸಬಾರದು

ಇನ್‌ಕಮ್ ಟ್ಯಾಕ್ಸಿಗೆ ಇದನ್ನ ಒಯ್ಯಬ್ಯಾಡ್ರಿ. ಸ್ವಂತ ಮಾಲಕಿ ಧಂದೆದಾಗ ಮಾಲಕ ತನಗ ತಾನ ಪಗಾರ ಅಂತ ಬರ್ಕೊಂಡ್ರ ಖರ್ಚು ಅಂತ ಹಿಡ್ಯೂದಿಲ್ಲ, ಸ್ವಂತ ಕಟ್ಟಡಕ್ಕ ಕೊಡದ ಬಾಡಿಗಿನೂ ಹಿಡ್ಯೂದಿಲ್ಲ. ಟರ್ನೋವರ್ ಮ್ಯಾಲ ನಗದಿಗೆ ಶೇ. 8, ಡಿಜಿಟಲ್ ಆಗಿ ಬಂದದ್ದಕ್ಕ ಶೇ. 6 ಲಾಭ ಅಂತ ತೋರ್ಸೂ ಸ್ಕೀಮಿನಾಗ ಇದ್ರಂತೂ ಈ ಅಂಕಿ ಯಾವುದಕ್ಕೂ ಅಲ್ಲಿ ಜಾಗಾ ಇಲ್ಲ. ಇದು ನಿಮಗ ನೀವು ನಿರ್ಧಾರ ತಗೊಳ್ಳಾಕ ಇರೂ ಲೆಕ್ಕ, ಬ್ಯಾರೆ ನೋಟ್‌ಬುಕ್ಕಿನಾಗ ಇಡ್ರಿ.

ಅಂಕಿ ಬಂತು, ಮುಂದ ಏನು ಮಾಡಬೇಕು

ಮೈನಸ್ ಬಂದ ಕೂಡಲೆ ಬಾಗಿಲು ಹಾಕೂದಲ್ಲ. ಮೊದಲು ಬ್ಯಾರೆ ದಾರಿ ಖರೇನ ತೆರದೈತೋ ಇಲ್ಲೋ ನೋಡ್ರಿ. ಕಾಕಾನ ನೌಕರಿ ಖಾತ್ರಿ ಇತ್ತು, ಹಾಲ್ ಕೇಳೋರೂ ಇದ್ರು, ಕಾಕುಗ ಮಾತ್ರ ಹೊರಗ ಹೋಗಿ ದುಡ್ಯೂ ಮನಸು ಇರಲಿಲ್ಲ. "ನಾ ಮತ್ತೊಬ್ಬರ ಅಡಗಿ ಮನ್ಯಾಗ ಹೋಗೂದಿಲ್ಲ" ಅಂದ್ರು. ಹಂಗಂದ್ರ ಖಾನಾವಳಿ ಬಿಟ್ರ ಅವರಿಂದ ಬರೂ ರೊಕ್ಕ ಸೊನ್ನಿ, ಆಗ ಕಾಣದ ಖರ್ಚು 39,350 ಕ್ಕ ಇಳೀತು, ಆರ್ಥಿಕ ಲಾಭ 9,650 ಆತು. ಒಂದ ಅಂಕಿ ಬದಲಾದ್ರ ಉತ್ತರಾನ ತಿರುಗಿ ನಿಲ್ತೈತಿ, ಅದಕ್ಕ ಎರಡೂ ರೀತಿ ಬರದಿಟ್ಟುಕೊಳ್ಳೂದು ಚಲೋ. ನನ್ನ ಅಭಿಪ್ರಾಯ ಕೇಳಿದ್ರ, ಕಾಕುನ ಹನ್ನೆರಡು ಸಾವಿರ ಹಿಡದ ನಡಸಬೇಕು, ಇಲ್ಲಂದ್ರ ಅವರ ದುಡಿಮಿ ಪುಕ್ಕಟೆ ಅಂತ ತಿಳದು ಊಟದ ರೇಟು ಇಡ್ತೀವಿ, ಮುಂದ ಅವರ ಕೈಲಾಗದಾಗ ಹದಿನಾರು ಸಾವಿರ ಎಲ್ಲಿಂದ ತರೂದು?

ಕಾಕಾನೂ ಅದಕ್ಕ ಒಪ್ಪಿದ್ರು. ಆಮ್ಯಾಲ ರೇಟಿನ ಲೆಕ್ಕಕ್ಕ ಕುಂತ್ವಿ. ಒಂದು ಊಟ ಹೆಚ್ಚು ಬಡಿಸಿದ್ರ ಹೆಚ್ಚಾಗೂ ಖರ್ಚು, ಸ್ವಂತ ಜ್ವಾಳಾನೂ ಹಿಡದು, ಸುಮಾರು 42 ರೂಪಾಯಿ ಬಂತು. 80 ಕ್ಕ ಮಾರಿದ್ರ ಊಟಕ್ಕ 38 ಉಳೀತೈತಿ, 75 ಊಟಕ್ಕ ದಿನಕ್ಕ 2,850. ರೇಟು 85 ಮಾಡಿದ್ರ ಊಟಕ್ಕ 43 ಉಳೀತೈತಿ, ಆಗ 67 ಊಟ ಹೋದ್ರೂ ಮೊದಲಿನಷ್ಟ ಬರ್ತೈತಿ, 69 ಹೋದ್ರ ಆ 2,350 ರ ಕೊರತಿನೂ ಮುಚ್ತೈತಿ. ಅಂದ್ರ ದಿನಕ್ಕ ಆರು ಗಿರಾಕಿ ಕಳಕೊಂಡ್ರೂ ನಡೀತೈತಿ ಅಂತ ಮೊದಲ ಗೊತ್ತಿತ್ತು, ಹಂಗಾಗಿ ಕಾಕಾ ಅಂಜಲಿಲ್ಲ. ಬೋರ್ಡಿನ ಮ್ಯಾಲ 80 ಅಳಿಸಿ 85 ಬರದ್ರು, ಒಂದು ತಿಂಗಳು ದಿನಾ ಊಟ ಎಣಿಸಿದ್ವಿ, ಸರಾಸರಿ 72 ಬಂತು. ದಿನಕ್ಕ 246 ರೂಪಾಯಿ ಹೆಚ್ಚು, 26 ದಿನಕ್ಕ 6,396, ಅದರಾಗ 2,350 ಕಳದ್ರ ಆರ್ಥಿಕ ಲಾಭ ಮೊದಲನೇ ಸಲ ಪ್ಲಸ್ ಆತು, 4,046.

ಆ ಅಂಕಿ ಬಂದ ಮ್ಯಾಲೂ ಕಾಕಾ ನೋಟ್‌ಬುಕ್ಕು ಬಿಟ್ಟಿಲ್ಲ, ಮೂರು ತಿಂಗಳಿಗೊಮ್ಮೆ ಐದೂ ಅಂಕಿ ಮತ್ತ ಕೇಳಿ ಬರೀತಾರ. ಮೊನ್ನೆ ಫೋನ್ ಹಚ್ಚಿದ್ರು. ಝೆರಾಕ್ಸ್ ಅಂಗಡಿ ಬಾಡಿಗಿ 11,000 ಆಗೇತಂತ. "ನಮ್ಮ ಖಾನಾವಳ್ಯಾಗ ಏನೂ ಬದಲಾಗಿಲ್ಲ ತಮ್ಮಾ, ಅಷ್ಟ ಗಿರಾಕಿ, ಅಷ್ಟ ಖರ್ಚು, ಆದ್ರ ಈ ತಿಂಗಳು ಎರಡು ಸಾವಿರ ಕಡಿಮಿ ಬರೀಬೇಕಲ್ಲ?" ಅಂತ ಕೇಳಿದ್ರು. ಹೌದು ಕಾಕಾ, ಬರೀಬೇಕ್ರಿ ಅಂದೆ.